ಮೊದಲು ನಲ್ಲಿ ನೀರು

ಹಬ್ಬದ ಸಂಚಿಕೆ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ದೀಪಾವಳಿ ಶುಭಾಶಯದ ಜಾಗಕ್ಕೆ ಈ ಸಲ ಬೇರೆ ವಿಷಯ ಬಂದಿದೆ. ಕಳೆದ ಭಾನುವಾರ ನಮ್ಮ ಕನ್ನಡ ರೇಡಿಯೊದಲ್ಲಿ ಸುಟ್ಟ ಗಾಯಕ್ಕೆ ಮನೆಯಲ್ಲಿ ಏನು ಮಾಡಬೇಕು ಅಂತ ಒಂದು ಪುಟ್ಟ ಮಾತು ಪ್ರಸಾರವಾಯಿತು. ಮಾತಾಡಿದವರು ನಮ್ಮ ಸಂಘದವರೇ, ಇಲ್ಲೇ ಮೆಲ್ಬರ್ನ್‌ನಲ್ಲಿ ನರ್ಸ್. ಆ ಹೊತ್ತಿಗೆ ರೇಡಿಯೊ ಹಾಕದವರೇ ಜಾಸ್ತಿ. ಊರಿಂದ ಅಪ್ಪ ಅಮ್ಮ ಬಂದಿರುವ ಮನೆಗಳಿಗಂತೂ ಇದು ತಲುಪಲೇಬೇಕು.

ಅವರು ಹೇಳಿದ ಉದಾಹರಣೆ ನಮ್ಮ ಯಾರ ಮನೆಯದ್ದಾದರೂ ಆಗಬಹುದು. ಅಜ್ಜಿ ಟೀ ಮಾಡಿ ಮೇಜಿನ ಮೇಲಿಟ್ಟಿದ್ದಾರೆ. ಆಗಷ್ಟೇ ನಡೆಯಲು ಕಲಿತ ಮಗು ಲೋಟ ಎಳೆದುಕೊಳ್ಳುತ್ತದೆ. ಎದೆ, ಭುಜ, ತೋಳಿನ ಮೇಲೆ ಟೀ. ಮೊದಲ ಕೆಲಸ, ಮಗುವಿನ ಅಂಗಿ ತೆಗೆಯುವುದು. ನೆನೆದ ಬಟ್ಟೆ ಬಿಸಿಯನ್ನು ಹಿಡಿದಿಟ್ಟುಕೊಂಡು ಸುಡುತ್ತಲೇ ಇರುತ್ತದೆ. ಡೈಪರ್ ನೆನೆದಿದ್ದರೆ ಅದನ್ನೂ ತೆಗೆಯಬೇಕು. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಮಾತ್ರ ಕೀಳಬಾರದು. ಕೈಬಳೆ, ಕರಿಮಣಿ ಕೂಡ ಆಗಲೇ ಬಿಚ್ಚಬೇಕು, ಊದಿಕೊಂಡ ಮೇಲೆ ಬರುವುದಿಲ್ಲ. ಆಮೇಲೆ ಸುಟ್ಟ ಜಾಗವನ್ನು ಹರಿಯುವ ತಣ್ಣನೆ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು. ಪೂರ್ತಿ 20 ನಿಮಿಷ, ಗಡಿಯಾರ ನೋಡಿಕೊಂಡು.

ಇಷ್ಟು ಹೊತ್ತು ಯಾಕೆ? ಟೀ ಒರೆಸಿದ ಮೇಲೂ ಬಿಸಿ ಚರ್ಮದ ಒಳಗೆ ಉಳಿದು ಕೆಳಗಿನ ಪದರಕ್ಕೆ ಇಳಿಯುತ್ತಾ ಹೋಗುತ್ತದೆ. ಅದನ್ನು ನೀರು ಹೊರಗೆ ಎಳೆಯಬೇಕು. ಗಾಯ ಆಳಕ್ಕೆ ಹೋಗದಿದ್ದರೆ ಬೇಗ ಮಾಯುತ್ತದೆ, ಚರ್ಮ ಕಸಿ ಮಾಡಬೇಕಾದ ಸಂದರ್ಭವೂ ಕಡಿಮೆ. ಗಲಾಟೆಯಲ್ಲಿ ತಡವಾಯಿತೇ? ಸುಟ್ಟು 3 ಗಂಟೆಯೊಳಗೆ ನೀರು ಹಿಡಿದರೂ ಉಪಯೋಗವಿದೆ. ಐಸ್ ಮಾತ್ರ ಬೇಡ. ಅದು ರಕ್ತನಾಳಗಳನ್ನು ಬಿಗಿ ಮಾಡಿ ನೊಂದ ಚರ್ಮಕ್ಕೆ ಇನ್ನಷ್ಟು ಹಾನಿ ಮಾಡುತ್ತದೆ. ಮಗು ಬೇಗ ತಣ್ಣಗಾಗುತ್ತದೆ, ಹಾಗಾಗಿ ನೀರು ಗಾಯದ ಮೇಲಷ್ಟೇ ಬೀಳಲಿ, ಉಳಿದ ಮೈಗೆ ಟವೆಲ್ ಸುತ್ತಿ. ತುಂಬಾ ನಡುಗತೊಡಗಿದರೆ ನೀರು ನಿಲ್ಲಿಸಿ.

ನೀರಾದ ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸಾಕು. ಸುರುಳಿಯ ಮೊದಲ ಸುತ್ತು ಹರಿದು ಬಿಸಾಡಿ, ಮುಂದಿನದನ್ನು ಗಾಯದ ಮೇಲೆ ಉದ್ದಕ್ಕೆ ಸುಮ್ನೆ ಹೊದಿಸಬೇಕು. ಕೈಗೆ ಸುತ್ತಿದರೆ ಊತ ಬಂದಾಗ ಬಿಗಿಯುತ್ತದೆ. ಮುಖಕ್ಕೆ ಹಾಕಲೇಬಾರದು. ಬೊಬ್ಬೆ ಒಡೆಯಬಾರದು.

ಆಮೇಲೆ ನಮ್ಮ ಮನೆಮದ್ದುಗಳ ಮಾತು ಬಂತು. ಅದನ್ನು ಕೇಳುವಾಗ ನನಗೆ ಹಾಸನದ ಅಜ್ಜಿ ಮನೆಯ ನೀರು ತುಂಬುವ ಹಬ್ಬ ನೆನಪಾಯಿತು. ಸಂಜೆ ಬಚ್ಚಲ ಹಂಡೆ ಉಜ್ಜಿ, ಸುಣ್ಣ ಕೆಮ್ಮಣ್ಣು ಬಳಿದು, ಹಾಗಲಬಳ್ಳಿ ಕಟ್ಟಿ ನೀರು ತುಂಬುತ್ತಿದ್ದರು. ಮರುದಿನ ನಸುಕಿಗೇ ಒಲೆ ಹೊತ್ತಿ, ಬಚ್ಚಲೆಲ್ಲ ಹೊಗೆ, ಮೈಗೆಲ್ಲ ಎಣ್ಣೆ, ಮಕ್ಕಳ ಸಾಲು. ಒಂದು ವರ್ಷ ಚಿಕ್ಕಮ್ಮನ ಮಗ ಜಾರಿ, ಕುದಿಯುವ ನೀರಿನ ತಂಬಿಗೆ ತೊಡೆಯ ಮೇಲೆ ಚೆಲ್ಲಿಕೊಂಡ. ಒಬ್ಬರು ದೋಸೆಹಿಟ್ಟು ತಂದರು, ಇನ್ನೊಬ್ಬರು ಪೇಸ್ಟ್. ಕೊನೆಗೆ ಮಾವ ಇಂಕಿನ ಬಾಟಲಿಯನ್ನೇ ಸುರಿದರು. ಪಕ್ಕದಲ್ಲೇ ತಣ್ಣೀರಿನ ತೊಟ್ಟಿ ತುಂಬಿ ನಿಂತಿತ್ತು. ಆಸ್ಪತ್ರೆಯಲ್ಲಿ ನೀಲಿ ಬಣ್ಣ ಉಜ್ಜಿ ತೆಗೆದ ಮೇಲೇ ಗಾಯ ಎಷ್ಟು ಆಳ ಅಂತ ನೋಡಲು ಆದದ್ದು. ಅವನ ಆ ಕೂಗು ಇನ್ನೂ ಕಿವಿಯಲ್ಲಿದೆ. ಎಲ್ಲರೂ ಪ್ರೀತಿಯಿಂದಲೇ ಓಡಿ ಬಂದವರು. ಊರಿಂದ ಬಂದ ಹಿರಿಯರಿಗೆ ಇದನ್ನು ಸಮಾಧಾನವಾಗಿ ಹೇಳಿ: ಬೆಣ್ಣೆ, ಅರಿಶಿನ, ಜೇನು ಯಾವುದೂ ಬೇಡ, ಮೊದಲು ನಲ್ಲಿ.

ಗಾಯ ಆ ವ್ಯಕ್ತಿಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲು, ಗುಪ್ತಾಂಗದ ಮೇಲಿದ್ದರೆ, ಚರ್ಮ ಬೆಳ್ಳಗೋ ಕಪ್ಪಗೋ ಆಗಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಆಳವಾಗಿ ಸುಟ್ಟಲ್ಲಿ ನರಗಳೂ ಸುಟ್ಟಿರುತ್ತವೆ, ನೋವಿಲ್ಲ ಅಂತ ನಿರಾಳವಾಗಬೇಡಿ. ಪುಟ್ಟ ಮಕ್ಕಳಿಗೆ ಬೊಬ್ಬೆ ಎದ್ದರೆ ಸಣ್ಣದಿದ್ದರೂ ತೋರಿಸಿ. ದೊಡ್ಡ ಗಾಯವಾದರೆ ಒಬ್ಬರು ನೀರು ಹಿಡಿಯುತ್ತಿರುವಾಗಲೇ ಇನ್ನೊಬ್ಬರು 000ಗೆ ಫೋನ್ ಮಾಡಲಿ.

ಜೊತೆಗೆ ಕೂತು ಕೇಳಿದ ನನ್ನ ಮಗಳು, "ಇಪ್ಪತ್ತು ನಿಮಿಷ ಅಂದ್ರೆ ಎರಡು ಕಾರ್ಟೂನ್ ಅಲ್ವಾ ಅಮ್ಮಾ?" ಅಂದಳು. ಮಗುವನ್ನು ನೀರಿನ ಕೆಳಗೆ ಕೂರಿಸಿಕೊಳ್ಳಲು ಅದೇ ಒಳ್ಳೆ ಉಪಾಯ, ಫೋನಿನಲ್ಲಿ ಎರಡು ಕಾರ್ಟೂನ್ ಹಾಕಿಬಿಡಿ.

ಇನ್ನು ಸಂಘದ ಸುದ್ದಿ, ಜಾಗ ಕಡಿಮೆ. ದೀಪಾವಳಿ ಊಟಕ್ಕೆ ಹೆಸರು ಕೊಡಲು ಈ ಶುಕ್ರವಾರ ಕೊನೆ. ರಾಜ್ಯೋತ್ಸವದ ನಾಟಕದ ತಾಲೀಮು ಶನಿವಾರ ಮಧ್ಯಾಹ್ನ. ಕನ್ನಡ ಶಾಲೆಗೆ ಆ ದಿನ ರಜೆ. ಊಟದ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಮಕ್ಕಳನ್ನು ಎಣ್ಣೆ ಬಾಣಲೆಯಿಂದ ದೂರ ಇಡಲು ಇಬ್ಬರು ಬೇಕು, ಇದುವರೆಗೆ ಯಾರೂ ಹೆಸರು ಕೊಟ್ಟಿಲ್ಲ. ಈ ಪತ್ರಿಕೆಯ ಟೈಪಿಂಗ್, ಕರಡು ತಿದ್ದುವುದು ಎಲ್ಲ ಈಗ ನಾನೊಬ್ಬಳೇ ಮಾಡುತ್ತಿದ್ದೇನೆ, ನಿಜವಾಗಿಯೂ ಕಷ್ಟವಾಗುತ್ತಿದೆ. ಕನ್ನಡ ಟೈಪಿಂಗ್ ಬರುವವರು ತಿಂಗಳಿಗೆ ಒಂದು ಸಂಜೆ ಕೊಟ್ಟರೂ ಸಾಕು, ಊಟದ ದಿನ ನನ್ನನ್ನು ದಯವಿಟ್ಟು ಹುಡುಕಿ ಮಾತಾಡಿಸಿ.