ಬೋರಮಳ ಕೊಳ್ಳುವ ಮುನ್ನ

ವಿಜಯಪುರ

ಚಿ. ಸೌ. ಸಂಗೀತಾಳಿಗೆ ನಿನ್ನ ಮಾಮಾನ ಆಶೀರ್ವಾದಗಳು.

ಮಗಳ ಮದುವೆಗೆ ಬಾಗಲಕೋಟೆಯಲ್ಲಿಯೇ ಬಂಗಾರದ ಗುಂಡುಗಳ ಸರವಾದ ಬೋರಮಳ ಮಾಡಿಸುತ್ತಿರುವುದಾಗಿಯೂ, ಒಂದು ಅಂಗಡಿಯವರು ಮಜೂರಿಯನ್ನು ಗ್ರಾಂಗೆ ಬರೀ 500 ರೂಪಾಯಿ ಹೇಳಿದ್ದರಿಂದ ಅಲ್ಲಿಗೇ ಮುಂಗಡ ಕೊಡಬೇಕೆಂದಿರುವುದಾಗಿಯೂ ನೀನು ಬರೆದಿದ್ದೀ. ಮುಂಗಡ ಕೊಡುವ ಮೊದಲು ಈ ಪತ್ರವನ್ನು ಸಾವಕಾಶವಾಗಿ ಓದು.

ಕ್ಯಾರೆಟ್ ಎಂದರೆ ಬಂಗಾರದ ಶುದ್ಧತೆಯನ್ನು 24 ಪಾಲಿನಲ್ಲಿ ಹೇಳುವ ಅಳತೆ. 22 ಕ್ಯಾರೆಟ್ ಎಂದರೆ 22 ಪಾಲು ಬಂಗಾರ, ಉಳಿದ ಎರಡು ಪಾಲು ಗಟ್ಟಿತನಕ್ಕಾಗಿ ಬೆರೆಸಿದ ತಾಮ್ರ, ಬೆಳ್ಳಿ ಮೊದಲಾದವು. ಅದನ್ನೇ ಸಾವಿರ ಪಾಲಿನಲ್ಲಿ ಹೇಳಿದರೆ 916. ಈ ಶುದ್ಧತೆಗೆ ಸಾಕ್ಷಿಯಾಗಿ ಒತ್ತುವುದು ಹಾಲ್‌ಮಾರ್ಕ್. ಆಭರಣದ ಮೇಲೆ ಸರಕಾರದ ಮಾನಕ ಸಂಸ್ಥೆಯಾದ ಬಿಐಎಸ್‌ನ ತ್ರಿಕೋನದ ಗುರುತು, 22K916 ಎಂಬ ಅಕ್ಷರಗಳು, ಮತ್ತು ಅಕ್ಷರ-ಅಂಕಿ ಸೇರಿ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ, ಈ ಮೂರೂ ಇರಬೇಕು. ಆ ಸಂಖ್ಯೆಯನ್ನು ಮೊಬೈಲಿನ BIS CARE ಆ್ಯಪಿನಲ್ಲಿ ಹಾಕಿದರೆ ಅದು ಯಾವ ಬಗೆಯ ಒಡವೆ, ಎಷ್ಟು ಶುದ್ಧ ಎಂಬುದು ಕಾಣುತ್ತದೆ. ಕೈಯಲ್ಲಿರುವುದು ಸರವಾಗಿದ್ದು ಆ್ಯಪಿನಲ್ಲಿ ಉಂಗುರವೆಂದು ಬಂದರೆ ಕೊಳ್ಳಬೇಡ. ಆದರೆ ಹಾಲ್‌ಮಾರ್ಕ್ ಹೇಳುವುದು ಶುದ್ಧತೆಯನ್ನು ಮಾತ್ರ. ಅಂಗಡಿಯವರು ಹಾಕಿದ ತೂಕ, ಮಜೂರಿ, ವೇಸ್ಟೇಜ್ ಸರಿಯೇ ಎಂಬುದಕ್ಕೆ ಅದು ಹೊಣೆಯಲ್ಲ. ನಮ್ಮ ಮಂದಿ ಮೋಸ ಹೋಗುವುದು ಹೆಚ್ಚಾಗಿ ಇಲ್ಲಿಯೇ.

ವೇಸ್ಟೇಜ್ ಎಂದರೆ ಒಡವೆ ಮಾಡುವಾಗ ಕರಗಿಸುವಲ್ಲಿ, ಅರದಿಂದ ತೀಡುವಲ್ಲಿ, ಮೆರುಗು ಕೊಡುವಲ್ಲಿ ಕಳೆದುಹೋಗುವ ಬಂಗಾರಕ್ಕೆಂದು ಹಿಡಿಯುವ ಪಾಲು. ಪತ್ತಾರರು ಕೈಯಿಂದಲೇ ಎಲ್ಲವನ್ನೂ ಮಾಡುತ್ತಿದ್ದಾಗ ಸ್ವಲ್ಪ ಪುಡಿ ಉದುರುವುದು ನಿಜವೇ ಆಗಿತ್ತು, ಆದರೂ ಆ ಪುಡಿಯನ್ನು ಗುಡಿಸಿ, ತೊಳೆದು, ಮತ್ತೆ ಬಂಗಾರ ತೆಗೆಯುತ್ತಿದ್ದರು. ಈಗ ಯಂತ್ರದಲ್ಲಿ ತಯಾರಾದ ಸರಕ್ಕೂ ಅದೇ ಹೆಸರಿನಲ್ಲಿ ಹಣ ಹಿಡಿಯುವುದುಂಟು. ಆದ್ದರಿಂದ ಇದನ್ನು ಮಜೂರಿಯ ಇನ್ನೊಂದು ಭಾಗವೆಂದೇ ತಿಳಿದು, ಎರಡನ್ನೂ ಕೂಡಿಸಿ ನೋಡು.

ಲೆಕ್ಕ ಸುಲಭವಾಗಲೆಂದು 22 ಕ್ಯಾರೆಟ್ ಬಂಗಾರದ ದರ ಗ್ರಾಂಗೆ 10,000 ರೂಪಾಯಿ, ನಿನ್ನ ಬೋರಮಳದ ಬಂಗಾರ 20 ಗ್ರಾಂ ಎಂದು ಹಿಡಿಯೋಣ. ಬಂಗಾರದ ಬೆಲೆಯೇ 2,00,000 ಆಯಿತು. ನೀನು ಮೆಚ್ಚಿದ ಅಂಗಡಿಯಲ್ಲಿ ಗ್ರಾಂಗೆ 500ರಂತೆ ಮಜೂರಿ 10,000; ಅದರ ಜೊತೆಗೆ ಶೇಕಡಾ 8 ವೇಸ್ಟೇಜ್ ಹಾಕಿದರೆ 1.6 ಗ್ರಾಂ, ಅಂದರೆ 16,000. ಒಟ್ಟು 2,26,000. ಇನ್ನೊಂದು ಅಂಗಡಿಯವರು ವೇಸ್ಟೇಜ್ ಇಲ್ಲದೆ ಮಜೂರಿ ಶೇಕಡಾ 12 ಎಂದರೆ ಕೇಳಲು ದುಬಾರಿ ಎನಿಸುತ್ತದೆ, ಆದರೆ ಒಟ್ಟು 2,24,000 ಮಾತ್ರ. ಶೇಕಡಾ 3ರ ಜಿಎಸ್‌ಟಿ ಈ ಮೊತ್ತದ ಮೇಲೆಯೇ ಬೀಳುವುದರಿಂದ ಅಂತರ ಇನ್ನೂ ಸ್ವಲ್ಪ ಹೆಚ್ಚುತ್ತದೆ. ಅದಕ್ಕಾಗಿ “ಮಜೂರಿ ಎಷ್ಟು?” ಎಂದು ಕೇಳಬೇಡ, “ಇಂದಿನ ಬಂಗಾರದ ಬೆಲೆಯ ಮೇಲೆ ಎಲ್ಲ ಸೇರಿ ಎಷ್ಟು ಹೆಚ್ಚು?” ಎಂದು ಕೇಳು.

ಬೋರಮಳಕ್ಕೆ ಮತ್ತೊಂದು ಎಚ್ಚರ ಬೇಕು. ಅದರ ಗುಂಡುಗಳು ಎಷ್ಟೋ ಸಲ ಒಳಗೆ ಟೊಳ್ಳಾಗಿದ್ದು, ನೆಗ್ಗದಿರಲೆಂದು ಅರಗು ತುಂಬಿರುತ್ತಾರೆ. ತಕ್ಕಡಿಯಲ್ಲಿ 24 ಗ್ರಾಂ ತೂಗಿದ ಸರದಲ್ಲಿ ಅರಗು, ದಾರ ಸೇರಿ 4 ಗ್ರಾಂ ಇದ್ದರೆ ಬಂಗಾರ 20 ಗ್ರಾಂ ಅಷ್ಟೆ. ಮೊದಲನೆಯದು ಒಟ್ಟು ತೂಕ, ಎರಡನೆಯದು ನಿವ್ವಳ ತೂಕ. ದರವನ್ನು ನಿವ್ವಳಕ್ಕೆ ಹಾಕಿ, ವೇಸ್ಟೇಜನ್ನು ಮಾತ್ರ ಒಟ್ಟು ತೂಕಕ್ಕೆ ಹಾಕಿದರೂ 1.6 ಗ್ರಾಂ ಇರಬೇಕಾದದ್ದು 1.92 ಆಗಿ, ನಿನಗೆ 3,200 ರೂಪಾಯಿ ಸುಮ್ಮನೆ ಹೋಗುತ್ತದೆ. ನಿನ್ನ ಅಜ್ಜಿಯ ಬೋರಮಳವನ್ನು ಆಕೆಯ ಔಷಧೋಪಚಾರಕ್ಕಾಗಿ ನಾನೇ ಮಾರಲು ಒಯ್ದಿದ್ದೆ. ಕರಗಿಸಿದಾಗ ಅರಗೆಲ್ಲ ಉರಿದುಹೋಗಿ, ನಾವು ಲೆಕ್ಕ ಹಾಕಿಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆ ಬಂಗಾರ ಉಳಿಯಿತು. ಕೊಂಡಾಗಿನ ಚೀಟಿಯಲ್ಲಿ ಒಂದೇ ತೂಕ ಬರೆದಿದ್ದರಿಂದ ಯಾರನ್ನೂ ಕೇಳುವಂತಿರಲಿಲ್ಲ. ಆ ದಿನದ ಸಂಕಟ ನನಗಿನ್ನೂ ಮರೆತಿಲ್ಲ. ಮಾರುವಾಗ ಮಜೂರಿಯಾಗಲಿ ವೇಸ್ಟೇಜ್ ಆಗಲಿ ಹಿಂದಿರುಗಿ ಬರುವುದಿಲ್ಲ, ನಿವ್ವಳ ಬಂಗಾರಕ್ಕೆ ಮಾತ್ರ ಬೆಲೆ ಎಂಬುದನ್ನೂ ಗಮನದಲ್ಲಿಡು.

ಆದ್ದರಿಂದ ಬಿಲ್ಲಿನಲ್ಲಿ ಒಟ್ಟು ತೂಕ, ನಿವ್ವಳ ತೂಕ, ಕ್ಯಾರೆಟ್, ಆ ದಿನದ ದರ, ಮಜೂರಿ, ವೇಸ್ಟೇಜ್, ಹಾಲ್‌ಮಾರ್ಕ್ ಶುಲ್ಕ ಎಲ್ಲವನ್ನೂ ಬೇರೆ ಬೇರೆ ಬರೆಸು. ಕಚ್ಚಾ ಚೀಟಿ ತೆಗೆದುಕೊಂಡರೆ ಜಿಎಸ್‌ಟಿ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ನೀನು ಮೆಚ್ಚಿದ ಅಂಗಡಿಯ ಮತ್ತು ಇನ್ನೊಂದು ಅಂಗಡಿಯ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆಸಿಕೊಂಡು ಅದರ ಫೋಟೋ ನನಗೆ ಕಳುಹಿಸು. ನೋಡಿ ಅಂದೇ ಫೋನ್ ಮಾಡುತ್ತೇನೆ.

ಇಂತಿ,
ನಿನ್ನ ಮಾಮಾ