ಭಾನುವಾರದ ಟ್ಯಾರೋ ಅಭ್ಯಾಸ: ಇಬ್ಬರು ವರರು, ಒಂದೇ ಹಾರ್ಸ್‌ಶೂ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಅಭ್ಯಾಸ ಇದೆ. ಇಬ್ಬರು ಹುಡುಗರಲ್ಲಿ ಯಾರನ್ನು ಒಪ್ಪಲಿ ಅಂತ ಕೇಳುವವರಿಗೆ ಹಾರ್ಸ್‌ಶೂ, ಅಂದರೆ ಕುದುರೆ ಲಾಳದ ಆಕಾರದಲ್ಲಿ ಹರವಿದ ಏಳು ಕಾರ್ಡ್, ಓದುವುದನ್ನು ನೋಡೋಣ.

ಕಾರ್ಡ್ ಕಲಸುವ ಮೊದಲೇ ಪ್ರಶ್ನೆ ಬದಲಿಸಿ. "ಯಾರು?" ಬೇಡ, "ನಿರ್ಧರಿಸುವಾಗ ನಾನು ಏನನ್ನು ಗಮನಿಸಬೇಕು?" ಅಂತಿರಲಿ. ಏಳು ಕಾರ್ಡ್ ಎಡದಿಂದ ಬಲಕ್ಕೆ: ಹಿಂದಿನದು, ಈಗಿನದು, ಮರೆಯಲ್ಲಿರುವುದು, ಅಡ್ಡಿ, ಸುತ್ತಲಿನವರು, ಸಲಹೆ, ಸಾಗುತ್ತಿರುವ ದಿಕ್ಕು. ಕೆಲವರು ಕ್ರಮ ಬದಲಿಸುತ್ತಾರೆ, ನಾವು ಇದನ್ನೇ ಹಿಡಿಯೋಣ.

ಉದಾಹರಣೆಗೆ, ಎರಡನೇ ಜಾಗದಲ್ಲಿ ಟು ಆಫ್ ಸ್ವೋರ್ಡ್ಸ್ ಬಂತು ಅಂದುಕೊಳ್ಳಿ. ಕಣ್ಣಿಗೆ ಬಟ್ಟೆ, ಎದೆಯ ಮೇಲೆ ಅಡ್ಡವಾಗಿ ಎರಡು ಕತ್ತಿ. ಪ್ರಶ್ನೆ ಕೇಳಿದವಳು ನೋಡಲು ಒಲ್ಲದ ವಿಷಯ ಏನೋ ಇದೆ. ಐದರಲ್ಲಿ ಟೆನ್ ಆಫ್ ಪೆಂಟಕಲ್ಸ್: ಮನೆತನ, ಆಸ್ತಿಯ ಮಾತು. ಹಾಗಾದರೆ ಒತ್ತಡ ಹುಡುಗರದ್ದಾ, ಮನೆಯವರದ್ದಾ? ಅವಳನ್ನೇ ಕೇಳಿ. ಏಳರಲ್ಲಿ ನೈಟ್ ಆಫ್ ಕಪ್ಸ್ ಬಂದರೆ "ಕವಿತೆ ಬರೆಯೋ ಹುಡುಗನೇ" ಅಂತ ಹೇಳಿಬಿಡುವ ಆಸೆ ಜಾಸ್ತಿ. ನಾನೂ ಒಮ್ಮೆ ಒಬ್ಬಳಿಗೆ ಹಾಗೆ ಹೇಳಿ, ಆಕೆ ಮುಂದೆ ಮಾತೇ ನಿಲ್ಲಿಸಿದ್ದಳು. ಹರವಿದ ಮೇಲೆ ಕಾರ್ಡಿಗೆ ಹುಡುಗನ ಹೆಸರು ಅಂಟಿಸಬೇಡಿ. ಅದು ಅವಳ ಮನಸ್ಸು ಹೊರಟ ದಿಕ್ಕೂ ಇರಬಹುದು, ಅಲ್ವಾ? ಉತ್ತರ ಹಿಡಿಸಲಿಲ್ಲ ಅಂತ ಮತ್ತೆ ಹರವುವುದೂ ಬೇಡ.

ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ. ನಿಮ್ಮ ಡೆಕ್ ತನ್ನಿ.