‘ಬಡವರು’ ಬೇಡ, ಆದಾಯ ಹೇಳಿ

ಮಾನ್ಯರೇ,

ಆರ್ಥಿಕ ಸುದ್ದಿಗಳಲ್ಲಿ ‘ಬಡವರು’, ‘ಸಿರಿವಂತರು’ ಎಂದು ಸುಮ್ನೆ ಬರೆಯುವ ಬದಲು ‘ಕಡಿಮೆ ಆದಾಯದ ಕುಟುಂಬ’, ‘ಅನುಕೂಲಸ್ಥರು’ ಎನ್ನಬಹುದಲ್ವಾ? ‘ಬಡವ’ ಎಂದರೆ ಮನುಷ್ಯನ ಮೇಲೇ ಮುದ್ರೆ ಒತ್ತಿದಂತೆ. ‘ಕಡಿಮೆ ಆದಾಯ’ ಅವನ ಇವತ್ತಿನ ಪರಿಸ್ಥಿತಿಯನ್ನಷ್ಟೇ ಹೇಳುತ್ತದೆ.

ಆದರೆ ಜೊತೆಗೆ ಆದಾಯದ ಮಿತಿಯನ್ನೂ ಕೊಡಬೇಕು. ನಗರಗಳ ಪ್ರಧಾನಮಂತ್ರಿ ಆವಾಸ್ ಯೋಜನೆ 2.0ರಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬ ‘ಆರ್ಥಿಕವಾಗಿ ದುರ್ಬಲ’. 3ರಿಂದ 6 ಲಕ್ಷದವರು ‘ಕಡಿಮೆ ಆದಾಯ’ದವರು. ಕೇಂದ್ರದ ಶೇ 10ರ ಮೀಸಲಾತಿಯಲ್ಲಾದರೆ 8 ಲಕ್ಷದೊಳಗಿನವರೂ ‘ದುರ್ಬಲ’ರೆನಿಸಬಹುದು. ಮಿತಿ ಹೇಳದಿದ್ದರೆ ಓದುಗರಿಗೆ ಗೊಂದಲ.

ಆದಾಯ ಬೇರೆ, ಆಸ್ತಿ ಬೇರೆ ಅನ್ನೋದೂ ನೆನಪಿರಲಿ. ಪಿಂಚಣಿ ಕಡಿಮೆ, ಆದರೆ ಎರಡು ಸೈಟ್ ಇದೆ ಎನ್ನುವವರ ಬಗ್ಗೆ ಎರಡನ್ನೂ ಬರೆಯಿರಿ.

– ಒಬ್ಬ ಓದುಗ, ಹಾಸನ